ನಿಫ್ಟಿ 25,000 ಸ್ಟ್ರೈಕ್‌ನಲ್ಲಿ ಪುಟ್-ಕಾಲ್ ಸಮತೆ 16 ಪಾಯಿಂಟ್ ತಪ್ಪಿದಂತೆ ಕಾಣುತ್ತಿದೆ: ಇದು ನಿಜವಾದ ಅಂತರವೇ?

ಪ್ರಶಾಂತ್, ಕುಶಾಲನಗರ

ಎಲ್ಲರಿಗೂ ನಮಸ್ಕಾರ. ಆಪ್ಷನ್ ಬೆಲೆಗಳನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡುವ ಅಭ್ಯಾಸ ಮಾಡುತ್ತಿದ್ದೇನೆ. ಇನ್ನೂ ಹಣ ಹಾಕಿಲ್ಲ. ನಾನು ಬರೆದಿಟ್ಟುಕೊಂಡ ಒಂದು ಲೆಕ್ಕವನ್ನು ಇಲ್ಲಿ ಇಡುತ್ತಿದ್ದೇನೆ, ತಿಳಿದವರು ದಯವಿಟ್ಟು ಪರಿಶೀಲಿಸಬೇಕು.

ನಿಫ್ಟಿ ಸೂಚ್ಯಂಕ 25,000ದಲ್ಲಿದೆ. ತಿಂಗಳ ಎಕ್ಸ್‌ಪೈರಿಗೆ 28 ದಿನ ಉಳಿದಿದೆ. 25,000 ಸ್ಟ್ರೈಕ್‌ನ ಕಾಲ್ 402ಕ್ಕೂ ಅದೇ ಸ್ಟ್ರೈಕ್‌ನ ಪುಟ್ 262ಕ್ಕೂ ಕೊನೆಯದಾಗಿ ವಹಿವಾಟಾಗಿವೆ. ಬಡ್ಡಿಯನ್ನು ವರ್ಷಕ್ಕೆ ಶೇಕಡಾ 6.5 ಎಂದು ಹಿಡಿದಿದ್ದೇನೆ. ನಾನು ಬಳಸಿದ ಸೂತ್ರ ಇದು:

```
C - P = S - K / (1 + r*T)
K / (1 + r*T) = 25000 / (1 + 0.065*28/365) = 24875.96
S - 24875.96 = 124.04
C - P = 402 - 262 = 140
```

ಸಮತೆಯ ಪ್ರಕಾರ ವ್ಯತ್ಯಾಸ 124 ಇರಬೇಕಾದ ಕಡೆ ಮಾರುಕಟ್ಟೆಯಲ್ಲಿ 140 ಇದೆ, ಅಂದರೆ ಕಾಲ್ 16 ಪಾಯಿಂಟ್ ದುಬಾರಿಯಾಗಿದೆ. ಲಾಟ್ ಗಾತ್ರ 65 ಎಂದು ಇಟ್ಟುಕೊಂಡರೆ ಪ್ರತಿ ಲಾಟಿಗೆ 1,040 ರೂಪಾಯಿ. ಕಾಲ್ ಮಾರಿ, ಪುಟ್ ಕೊಂಡು, ನಿಫ್ಟಿಯನ್ನು ಕೊಂಡರೆ ಈ ಹಣ ಅಪಾಯವಿಲ್ಲದೆ ಕೈಗೆ ಬರಬೇಕು. ಇಷ್ಟು ದೊಡ್ಡ ಅಂತರವನ್ನು ಯಾರೂ ಮುಟ್ಟದೆ ಬಿಟ್ಟಿದ್ದಾರೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ. ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ?

ಹನೀಫ್, ವಿರಾಜಪೇಟೆ

ಪ್ರಶಾಂತ್ ಅವರೇ, ನೀವು ಡಿವಿಡೆಂಡ್ ಅನ್ನು ಸೇರಿಸಿಲ್ಲ. ನಿಫ್ಟಿಯಲ್ಲಿ 50 ಕಂಪನಿಗಳಿವೆ, ಈ 28 ದಿನಗಳೊಳಗೆ ಅವುಗಳಲ್ಲಿ ಕೆಲವು ಡಿವಿಡೆಂಡ್ ಕೊಡುತ್ತವೆ. ಆಪ್ಷನ್ ಇಟ್ಟುಕೊಂಡವನಿಗೆ ಆ ಹಣ ಸಿಗುವುದಿಲ್ಲ, ಷೇರು ಇಟ್ಟುಕೊಂಡವನಿಗೆ ಸಿಗುತ್ತದೆ. ಆದ್ದರಿಂದ ಸೂತ್ರದಲ್ಲಿ ಅದಕ್ಕೊಂದು ಸ್ಥಾನ ಕೊಡಲೇಬೇಕು. ನಿಮ್ಮ 16 ಪಾಯಿಂಟ್ ಎಂದರೆ ಡಿವಿಡೆಂಡ್ ಎಂದೇ ನನ್ನ ಅಭಿಪ್ರಾಯ.

ತಂಗಮ್ಮ, ಮಡಿಕೇರಿ

ಹನೀಫ್ ಅವರು ಹೇಳಿದಂತೆ ಡಿವಿಡೆಂಡ್ ಅನ್ನು ಸೂತ್ರದಲ್ಲಿ ಸೇರಿಸಬೇಕು ಎಂಬುದು ಸರಿ, ಆದರೆ ಈ ಪ್ರಶ್ನೆಯಲ್ಲಿ ಅದು ವಿರುದ್ಧ ದಿಕ್ಕಿಗೆ ಕೆಲಸ ಮಾಡುತ್ತದೆ. ಡಿವಿಡೆಂಡ್ ಅನ್ನು ಸೂಚ್ಯಂಕದ ಬೆಲೆಯಿಂದ ಕಳೆಯಬೇಕಾಗುತ್ತದೆ. ಹಾಗೆ ಕಳೆದರೆ ಬಲಭಾಗದ 124 ಇನ್ನೂ ಕಡಿಮೆಯಾಗುತ್ತದೆ, 140ಕ್ಕೂ ಅದಕ್ಕೂ ಇರುವ ಅಂತರ 16ಕ್ಕಿಂತ ಹೆಚ್ಚಾಗುತ್ತದೆ. ಹಾಗಾಗಿ ಕಾಲ್ ದುಬಾರಿಯಾಗಿ ಕಾಣುವುದಕ್ಕೆ ಡಿವಿಡೆಂಡ್ ಕಾರಣವಾಗಲಾರದು. ಪುಟ್ ದುಬಾರಿಯಾಗಿ ಕಂಡಿದ್ದರೆ ಮೊದಲು ನೋಡಬೇಕಾದ ಕಾರಣ ಅದೇ ಆಗುತ್ತಿತ್ತು.

ಕೊಡಗಿಗೆ ಮರಳುವ ಮೊದಲು ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಇದೇ ಕೆಲಸ ಮಾಡಿದ್ದೆ. ಹೊಸಬರ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುತ್ತಿದ್ದ ವಿಷಯವನ್ನೇ ಪ್ರಶಾಂತ್ ಮುಂದಿಟ್ಟಿದ್ದಾರೆ. ಅವರು 25,000 ಎಂಬ ಸೂಚ್ಯಂಕದ ಸಂಖ್ಯೆಯನ್ನು ಕೊಳ್ಳಬಹುದಾದ ವಸ್ತುವೆಂದು ಭಾವಿಸಿದ್ದಾರೆ. 50 ಷೇರುಗಳನ್ನು ಸರಿಯಾದ ಪ್ರಮಾಣದಲ್ಲಿ ಒಂದೇ ಗಳಿಗೆಯಲ್ಲಿ ಕೊಳ್ಳುವುದು ನಮ್ಮಂಥವರಿಂದ ಆಗುವ ಕೆಲಸವಲ್ಲ. ಕಾಲ್ ಮಾರಿ ಪುಟ್ ಕೊಂಡವರು ಮೂರನೆಯ ಕಾಲಾಗಿ ಕೊಳ್ಳುವುದು ಅದೇ ಎಕ್ಸ್‌ಪೈರಿಯ ಫ್ಯೂಚರ್ಸ್ ಅನ್ನು. ಆದ್ದರಿಂದ ಆಪ್ಷನ್ ಬೆಲೆಗಳು ತೂಗಿ ನಿಲ್ಲುವುದು ಫ್ಯೂಚರ್ಸ್ ಬೆಲೆಯ ಎದುರು. ಪ್ರಶಾಂತ್, ಅದೇ ಹೊತ್ತಿನಲ್ಲಿ ಫ್ಯೂಚರ್ಸ್‌ನ ಬಿಡ್ ಮತ್ತು ಆಸ್ಕ್ ಎಷ್ಟಿತ್ತು? ಆಪ್ಷನ್‌ಗಳದ್ದೂ ಬೇಕು. ಕೊನೆಯ ವಹಿವಾಟಿನ ಬೆಲೆ ಸಾಲದು.

ಪ್ರಶಾಂತ್, ಕುಶಾಲನಗರ

ಬರೆದಿಟ್ಟುಕೊಂಡಿದ್ದೇನೆ ಮೇಡಂ. ಫ್ಯೂಚರ್ಸ್‌ಗೆ ಬಿಡ್ 25,137, ಆಸ್ಕ್ 25,139.50. ಕಾಲ್‌ಗೆ ಬಿಡ್ 401, ಆಸ್ಕ್ 402.50. ಪುಟ್‌ಗೆ ಬಿಡ್ 261, ಆಸ್ಕ್ 262.90.

ತಂಗಮ್ಮ, ಮಡಿಕೇರಿ

ಈಗ ಲೆಕ್ಕ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಸೂಚ್ಯಂಕದ ಬದಲು ಫ್ಯೂಚರ್ಸ್‌ನ ನಡುಬೆಲೆ 25,138.25 ಹಾಕಿ, ಸ್ಟ್ರೈಕ್ ಕಳೆದು, ಉಳಿದ 138.25ಅನ್ನು ಇಂದಿನ ಮೌಲ್ಯಕ್ಕೆ ಇಳಿಸಿ. ಉತ್ತರ 137.56 ಬರುತ್ತದೆ. ನಿಮ್ಮ 140ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎರಡೂವರೆ ಪಾಯಿಂಟ್ ಮಾತ್ರ. ಉಳಿದ ಹದಿಮೂರೂವರೆ ಪಾಯಿಂಟ್ ಎಲ್ಲಿಂದ ಬಂದಿತ್ತು ಎಂದರೆ, ನೀವು ಬಡ್ಡಿಯನ್ನು 6.5 ಎಂದು ಹಿಡಿದಿದ್ದಿರಿ, ಆದರೆ 25,000ದ ಮೇಲೆ 28 ದಿನಕ್ಕೆ 138.25 ಎಂದರೆ ವರ್ಷಕ್ಕೆ ಸುಮಾರು 7.2 ಆಗುತ್ತದೆ. ಮಾರುಕಟ್ಟೆ ಫ್ಯೂಚರ್ಸ್‌ನಲ್ಲಿ ಈ 7.2ಅನ್ನು ಆಗಲೇ ಬರೆದಿಟ್ಟಿದೆ, ಆಪ್ಷನ್‌ಗಳು ಅದನ್ನೇ ಅನುಸರಿಸಿವೆ. ನೀವು ಕಂಡದ್ದು ಕಾಲ್ ಮತ್ತು ಪುಟ್ ನಡುವಿನ ಬಿರುಕಲ್ಲ, ನೀವು ಊಹಿಸಿದ ಬಡ್ಡಿಗೂ ಮಾರುಕಟ್ಟೆಯ ಬಡ್ಡಿಗೂ ಇರುವ ವ್ಯತ್ಯಾಸ.

ಇನ್ನು ಉಳಿದ ಎರಡೂವರೆ ಪಾಯಿಂಟ್. ಮಾರುವವನಿಗೆ ಸಿಗುವುದು ಬಿಡ್, ಕೊಳ್ಳುವವನು ಕೊಡಬೇಕಾದದ್ದು ಆಸ್ಕ್. ಕಾಲ್ ಮಾರಿದರೆ 401 ಬರುತ್ತದೆ, ಪುಟ್ ಕೊಳ್ಳಲು 262.90 ಹೋಗುತ್ತದೆ, ಕೈಯಲ್ಲಿ ಉಳಿಯುವುದು 138.10. ಫ್ಯೂಚರ್ಸ್ ಅನ್ನು 25,139.50ಕ್ಕೆ ಕೊಳ್ಳಬೇಕು, ಅದರಿಂದ ಎಕ್ಸ್‌ಪೈರಿ ದಿನ ಹೋಗಲಿರುವ 139.50ರ ಇಂದಿನ ಮೌಲ್ಯ 138.81. ತೆರಿಗೆ, ದಲ್ಲಾಳಿ ಶುಲ್ಕ ಯಾವುದನ್ನೂ ಸೇರಿಸುವ ಮೊದಲೇ ಮುಕ್ಕಾಲು ಪಾಯಿಂಟಿನಷ್ಟು ನಷ್ಟ.

ವಿರುದ್ಧ ದಿಕ್ಕಿನಲ್ಲಿ ಮಾಡಿ ನೋಡಿದರೆ ಸ್ಥಿತಿ ಇನ್ನೂ ಕೆಟ್ಟದು. ಕಾಲ್ ಕೊಂಡು ಪುಟ್ ಮಾರಲು 141.50 ಬೇಕು, ಫ್ಯೂಚರ್ಸ್ ಅನ್ನು 25,137ಕ್ಕೆ ಮಾರಿದರೆ ಇಂದಿನ ಮೌಲ್ಯದಲ್ಲಿ ಸಿಗುವುದು 136.32. ಐದು ಪಾಯಿಂಟ್ ಅಲ್ಲೇ ಹೋಯಿತು. ಇದರ ಮೇಲೆ ಎಸ್‌ಟಿಟಿ ಇದೆ. 2024ರ ಅಕ್ಟೋಬರ್ 1ರಂದು ಜಾರಿಗೆ ಬಂದ ದರದಲ್ಲಿ ಫ್ಯೂಚರ್ಸ್ ಮಾರಾಟದ ಮೇಲೆ ಶೇಕಡಾ 0.02, ಆಪ್ಷನ್ ಮಾರಾಟದಲ್ಲಿ ಪ್ರೀಮಿಯಂ ಮೇಲೆ ಶೇಕಡಾ 0.1. ಆಪ್ಷನ್‌ನದು ಪ್ರೀಮಿಯಂ ಮೇಲಿನ ತೆರಿಗೆಯಾದ್ದರಿಂದ 401ಕ್ಕೆ 40 ಪೈಸೆಯಷ್ಟೇ. ಫ್ಯೂಚರ್ಸ್‌ನದು ಇಡೀ ಒಪ್ಪಂದದ ಮೌಲ್ಯದ ಮೇಲೆ ಬೀಳುವುದರಿಂದ 25,137ಕ್ಕೆ ಐದು ಪಾಯಿಂಟ್. ಈ ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತವೆ, ಆದ್ದರಿಂದ ಲೆಕ್ಕ ಮಾಡುವ ದಿನದ ದರವನ್ನೇ ಹಾಕಬೇಕು. ದರ ಏರಿದಷ್ಟೂ ಯಾರೂ ಮುಟ್ಟದೆ ಬಿಡುವ ಅಂತರವೂ ಅಗಲವಾಗುತ್ತದೆ.

ಸೋಮಯ್ಯ, ನಾಪೋಕ್ಲು

ತಂಗಮ್ಮ ಅವರೇ, ನನಗೆ ಷೇರಿನ ಲೆಕ್ಕ ಅಷ್ಟಾಗಿ ತಿಳಿಯದು, ನಾನು ಕಾಫಿ ಬೆಳೆಗಾರ. ಕಾಲ್ ಬೆಲೆ ಪುಟ್ ಬೆಲೆಗಿಂತ 140 ಹೆಚ್ಚಿದೆ ಎಂದರೆ ಹೆಚ್ಚು ಜನ ಏರಿಕೆಯನ್ನೇ ನಿರೀಕ್ಷಿಸುತ್ತಿದ್ದಾರೆ ಎಂದಲ್ಲವೇ ಅರ್ಥ? ನ್ಯೂಯಾರ್ಕಿನ ಅರೇಬಿಕಾ ಆಪ್ಷನ್‌ಗಳಲ್ಲೂ ಹೀಗೆಯೇ ನೋಡಿ, ಕಾಲ್ ದುಬಾರಿಯಿದ್ದರೆ ಪಾರ್ಚ್‌ಮೆಂಟ್ ಅನ್ನು ಗೋದಾಮಿನಲ್ಲಿ ಇಟ್ಟುಕೊಳ್ಳುವುದು, ಪುಟ್ ದುಬಾರಿಯಿದ್ದರೆ ಕೊಟ್ಟುಬಿಡುವುದು ಎಂದು ತೀರ್ಮಾನಿಸಬಹುದೇ? ನನ್ನಲ್ಲಿ ಈಗ ಹೋದ ಕೊಯ್ಲಿನ ಮಾಲು ಉಳಿದಿದೆ, ಅದಕ್ಕಾಗಿ ಕೇಳುತ್ತಿದ್ದೇನೆ.

ತಂಗಮ್ಮ, ಮಡಿಕೇರಿ

ಸೋಮಯ್ಯ ಅಂಕಲ್, ಆ ತೀರ್ಮಾನಕ್ಕೆ ಈ ಲೆಕ್ಕವನ್ನು ದಯವಿಟ್ಟು ಬಳಸಬೇಡಿ. 140 ಎಂಬುದು ನಿರೀಕ್ಷೆಯ ಅಳತೆಯಲ್ಲ. ಸ್ಟ್ರೈಕ್ ಹಣವನ್ನು ಇಂದು ಕೊಡದೆ 28 ದಿನ ಬಿಟ್ಟು ಕೊಡುವವನು ಉಳಿಸುವ ಬಡ್ಡಿ ಅದು. ನಾಳೆ ಎಲ್ಲರೂ ಕುಸಿತವನ್ನೇ ನಿರೀಕ್ಷಿಸಿ ಪುಟ್ ಕೊಳ್ಳಲು ಮುಗಿಬಿದ್ದರೂ, ಫ್ಯೂಚರ್ಸ್ ಇದ್ದಲ್ಲೇ ಇದ್ದರೆ, ಪುಟ್ ಜೊತೆಗೆ ಕಾಲ್ ಕೂಡ ಏರುತ್ತದೆ. ಎರಡೂ ಏರಿ 500 ಮತ್ತು 362 ಆಗಬಹುದು, ಆದರೆ ಅವುಗಳ ವ್ಯತ್ಯಾಸ ಮೊದಲಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ದಿಕ್ಕಿನ ಬಗ್ಗೆ ಸಮತೆಗೆ ಹೇಳಲು ಏನೂ ಇಲ್ಲ.

ಅರೇಬಿಕಾ ಆಪ್ಷನ್‌ಗಳ ವಿಷಯಕ್ಕೆ ಇನ್ನೊಂದು ತೊಡಕಿದೆ. ನಿಫ್ಟಿ ಆಪ್ಷನ್ ಅನ್ನು ಎಕ್ಸ್‌ಪೈರಿ ದಿನ ಮಾತ್ರ ಚಲಾಯಿಸಬಹುದು, ನ್ಯೂಯಾರ್ಕಿನ ಕಾಫಿ ಆಪ್ಷನ್ ಅನ್ನು ಅದಕ್ಕೆ ಮೊದಲು ಯಾವ ದಿನವಾದರೂ ಚಲಾಯಿಸಬಹುದು. ಹಾಗಿರುವಾಗ ಸಮ ಚಿಹ್ನೆಯ ಸೂತ್ರ ಅಲ್ಲಿ ನಿಲ್ಲುವುದಿಲ್ಲ, ಅದರ ಬದಲು ಒಂದು ಪಟ್ಟಿ ಸಿಗುತ್ತದೆ. ಕಾಫಿ ಫ್ಯೂಚರ್ಸ್ ಪೌಂಡಿಗೆ 300 ಸೆಂಟ್ ಇದ್ದು, ಸ್ಟ್ರೈಕ್ ಕೂಡ 300 ಆಗಿದ್ದು, ಮೂರು ತಿಂಗಳ ಬಡ್ಡಿ ಶೇಕಡಾ 1 ಎಂದಿಟ್ಟುಕೊಂಡರೆ, ಕಾಲ್ ಮತ್ತು ಪುಟ್ ನಡುವಿನ ವ್ಯತ್ಯಾಸ ಮೂರು ಸೆಂಟ್ ಈಚೆಗೂ ಮೂರು ಸೆಂಟ್ ಆಚೆಗೂ ಎಲ್ಲಿದ್ದರೂ ಅದನ್ನು ಬೆಲೆಯ ದೋಷ ಎನ್ನಲಾಗದು. ಜೊತೆಗೆ ವಿದೇಶಿ ವಿನಿಮಯ ಕೇಂದ್ರಗಳಿಗೆ ಮಾರ್ಜಿನ್ ಹಣ ಕಳುಹಿಸಲು ಇಲ್ಲಿನ ನಿವಾಸಿಗಳಿಗೆ ಉದಾರೀಕೃತ ರವಾನೆ ಯೋಜನೆಯಲ್ಲಿ ಅವಕಾಶವಿಲ್ಲ, ಹಾಗಾಗಿ ಅಂತರ ಕಂಡರೂ ನಾವು ಅದನ್ನು ಹಿಡಿಯಲಾರೆವು. ಪಾರ್ಚ್‌ಮೆಂಟ್ ಇಟ್ಟುಕೊಳ್ಳುವ ವಿಷಯ ಬೇರೆಯದೇ ಚರ್ಚೆಗೆ ಅರ್ಹವಾದದ್ದು.

ಸೋಮಯ್ಯ, ನಾಪೋಕ್ಲು

ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ಮಗಳೇ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೇಳಿಯೇ ತೀರ್ಮಾನಿಸುತ್ತೇನೆ.

ಹನೀಫ್, ವಿರಾಜಪೇಟೆ

ನಿಫ್ಟಿಯ ಮಟ್ಟಿಗೆ ದಿಕ್ಕು ವಿರುದ್ಧ ಎಂಬುದನ್ನು ಒಪ್ಪುತ್ತೇನೆ. ಆದರೆ ಒಂದೊಂದು ಷೇರಿನ ಆಪ್ಷನ್‌ಗಳಲ್ಲಿ ಡಿವಿಡೆಂಡ್ ನಿಜಕ್ಕೂ ದೊಡ್ಡ ವಿಷಯ. ನಾನು ನೋಡುತ್ತಿದ್ದ ಒಂದು ಷೇರು 1,000 ರೂಪಾಯಿಯಲ್ಲಿತ್ತು, 1,000 ಸ್ಟ್ರೈಕ್‌ನ ಪುಟ್ ಕಾಲ್‌ಗಿಂತ 7 ರೂಪಾಯಿ ಹೆಚ್ಚಿತ್ತು. ಬಡ್ಡಿ ಲೆಕ್ಕದಲ್ಲಿ ಕಾಲ್ 5 ರೂಪಾಯಿ ಹೆಚ್ಚಿರಬೇಕಿತ್ತು. ಎಕ್ಸ್‌ಪೈರಿಗೆ ಮುನ್ನ 12 ರೂಪಾಯಿ ಡಿವಿಡೆಂಡ್ ಘೋಷಣೆಯಾಗಿತ್ತು, ಅದನ್ನು ಕಳೆದರೆ ಲೆಕ್ಕ ಸರಿಹೋಯಿತು.

ತಂಗಮ್ಮ, ಮಡಿಕೇರಿ

ನಿಮ್ಮ ಉದಾಹರಣೆ ಬಹಳ ಉಪಯುಕ್ತವಾದದ್ದು. ಅದರ ಜೊತೆ ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ. ಡಿವಿಡೆಂಡ್ ಷೇರಿನ ಮಾರುಕಟ್ಟೆ ಬೆಲೆಯ ಶೇಕಡಾ 2 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವಿನಿಮಯ ಕೇಂದ್ರವೇ ಸ್ಟ್ರೈಕ್ ಅನ್ನು ಇಳಿಸಿ ಸರಿಪಡಿಸುತ್ತದೆ. 1,000ಕ್ಕೆ 12 ಎಂದರೆ ಶೇಕಡಾ 1.2, ಆದ್ದರಿಂದ ಸ್ಟ್ರೈಕ್ ಬದಲಾಗಲಿಲ್ಲ, ನೀವು ಕಳೆದದ್ದು ಸರಿಯಾಯಿತು. ಅದೇ 30 ರೂಪಾಯಿ ಆಗಿದ್ದು ನೀವು ಅದನ್ನೂ ಕಳೆದಿದ್ದರೆ, ಇಲ್ಲದ ಅಂತರವೊಂದನ್ನು ನೀವೇ ಸೃಷ್ಟಿಸಿಕೊಂಡಂತಾಗುತ್ತಿತ್ತು.

ಪ್ರಶಾಂತ್, ಕುಶಾಲನಗರ

ಮೇಡಂ, 25,000 ಸ್ಟ್ರೈಕ್ ವಿಷಯ ಮನದಟ್ಟಾಯಿತು. ಆದರೆ ಅದೇ ದಿನ 23,500 ಸ್ಟ್ರೈಕ್‌ನಲ್ಲಿ ಇನ್ನೂ ದೊಡ್ಡ ಅಂತರ ಕಂಡಿತ್ತು. ಕಾಲ್‌ನ ಕೊನೆಯ ಬೆಲೆ 1,705, ಪುಟ್‌ನದು 24.30. ವ್ಯತ್ಯಾಸ 1,680.70. ಫ್ಯೂಚರ್ಸ್ ಹಾಕಿಯೇ ಲೆಕ್ಕ ಮಾಡಿದರೂ ಸಮತೆಯ ಪ್ರಕಾರ 1,630 ಮಾತ್ರ ಇರಬೇಕು. 50 ಪಾಯಿಂಟಿನ ಅಂತರವನ್ನು ಬಿಡ್-ಆಸ್ಕ್ ನುಂಗುವುದೇ? ಅಲ್ಲಿನ ಕಾಲ್‌ನ ಬಿಡ್ 1,640, ಆಸ್ಕ್ 1,672. ಪುಟ್ 24 ಮತ್ತು 24.60.

ತಂಗಮ್ಮ, ಮಡಿಕೇರಿ

ನೀವೇ ಕೊಟ್ಟ ಸಂಖ್ಯೆಗಳಲ್ಲಿ ಉತ್ತರವಿದೆ. ಕೊನೆಯ ಬೆಲೆ 1,705 ಆಗಿದ್ದು ಈಗಿನ ಆಸ್ಕ್ 1,672 ಆಗಿರುವುದಾದರೆ, ಆ ವಹಿವಾಟು ನಡೆದದ್ದು ಸೂಚ್ಯಂಕ ಈಗಿನದಕ್ಕಿಂತ ಮೇಲಿದ್ದಾಗ. ವಹಿವಾಟಿನ ಸಮಯವನ್ನು ನೋಡಿದರೆ ಬೆಳಿಗ್ಗೆಯದ್ದಾಗಿರುತ್ತದೆ, ಪುಟ್‌ನದು ಮಾತ್ರ ಈಗಿನದು. ಬೆಳಗಿನ ಕಾಲ್ ಬೆಲೆಯನ್ನು ಮಧ್ಯಾಹ್ನದ ಪುಟ್ ಬೆಲೆಯೊಂದಿಗೆ ತೂಗಿದರೆ ಸಮತೆ ತಪ್ಪಿಯೇ ತಪ್ಪುತ್ತದೆ.

ಇದನ್ನು ಹಿಡಿಯಲು ನಾನು ಬಳಸುವ ವಿಧಾನವೊಂದಿದೆ. ಪ್ರತಿ ಸ್ಟ್ರೈಕ್‌ನ ಕಾಲ್ ಮತ್ತು ಪುಟ್ ಸೇರಿದರೆ ಒಂದು ಫ್ಯೂಚರ್ಸ್ ಇದ್ದಂತೆಯೇ. ಅದರ ಬೆಲೆಯನ್ನು ಹೀಗೆ ತೆಗೆಯಬಹುದು:

```
F(K) = K + (C - P) * (1 + r*T)
```

ಯಾವ ಸ್ಟ್ರೈಕ್ ಹಾಕಿದರೂ ಉತ್ತರ ಒಂದೇ ಆಗಿರಬೇಕು. ಆ ಹೊತ್ತಿನ ನಡುಬೆಲೆಗಳನ್ನು ನಾನೂ ನೋಡಿದ್ದೆ. 24,800ರಲ್ಲಿ ಕಾಲ್ 521, ಪುಟ್ 184 ಇದ್ದು ಉತ್ತರ 25,138.70 ಬರುತ್ತದೆ. 25,200ರಲ್ಲಿ ಕಾಲ್ 296, ಪುಟ್ 357 ಇದ್ದು ಅಲ್ಲಿಯೂ 25,138.70. ನಿಮ್ಮ 25,000ದಲ್ಲಿ 25,140.50. ಮೂರೂ ಫ್ಯೂಚರ್ಸ್‌ನ ಪಕ್ಕದಲ್ಲೇ ನಿಂತಿವೆ. 23,500ರಲ್ಲಿ ಕೊನೆಯ ಬೆಲೆಗಳನ್ನು ಹಾಕಿದರೆ ಮಾತ್ರ 25,189. ನೆರೆಹೊರೆಯ ಸ್ಟ್ರೈಕ್‌ಗಳೆಲ್ಲ ಒಂದು ಮಾತು ಹೇಳುತ್ತಿರುವಾಗ ದೂರದ ಒಂದೇ ಸ್ಟ್ರೈಕ್ ಬೇರೆ ಹೇಳಿದರೆ, ಅದು ಹಳೆಯ ಬೆಲೆಯ ಗುರುತು. ಈಗಿನ ಬಿಡ್-ಆಸ್ಕ್ ಹಾಕಿ ನೋಡಿ: ಮಾರುವ ಕಡೆಯಿಂದ 25,123, ಕೊಳ್ಳುವ ಕಡೆಯಿಂದ 25,156. ಫ್ಯೂಚರ್ಸ್‌ನ 25,137 ಮತ್ತು 25,139.50 ಎರಡೂ ಈ ಪಟ್ಟಿಯ ಒಳಗೇ ಇವೆ. ಅಂತರವಿಲ್ಲ.

ಲೋಕೇಶ್, ಸೋಮವಾರಪೇಟೆ

ಅಂತರ ನಿಜವಾಗಿಯೇ ಸಿಕ್ಕಿದರೂ ಏನಾಗಬಹುದು ಎಂಬುದಕ್ಕೆ ನನ್ನ ಅನುಭವವನ್ನು ಹೇಳುತ್ತೇನೆ. ಮಾರುಕಟ್ಟೆ ಬಹಳ ಅಲುಗಾಡಿದ ಒಂದು ದಿನ ಖರ್ಚೆಲ್ಲ ಕಳೆದು 9 ಪಾಯಿಂಟ್ ಉಳಿಯುವಂಥ ಅವಕಾಶ ಸಿಕ್ಕಿತ್ತು. ಕಾಲ್ ಮಾರಿ, ಪುಟ್ ಕೊಂಡು, ಫ್ಯೂಚರ್ಸ್ ಕೊಂಡೆ. ಮೂರೂ ಸೇರಿದರೆ ಎಕ್ಸ್‌ಪೈರಿ ದಿನ ಎಲ್ಲಿದ್ದರೂ ಲಾಭ ಅಷ್ಟೇ ಎಂಬುದು ಸರಿಯಾಗಿತ್ತು. ಆದರೆ ಮುಂದಿನ ಕೆಲವು ದಿನ ನಿಫ್ಟಿ ಇಳಿಯುತ್ತಲೇ ಹೋಯಿತು. ಫ್ಯೂಚರ್ಸ್‌ನ ನಷ್ಟವನ್ನು ಪ್ರತಿದಿನ ನಗದಾಗಿ ಕಟ್ಟಬೇಕು. ಕೊಂಡ ಪುಟ್ ಮತ್ತು ಮಾರಿದ ಕಾಲ್ ಎರಡರ ಲಾಭ ಸೇರಿ ಅಷ್ಟೇ ಪ್ರಮಾಣದಲ್ಲಿ ಏರಿದರೂ ಅದು ಅವನ್ನು ಮುಗಿಸುವವರೆಗೆ ಅಥವಾ ಎಕ್ಸ್‌ಪೈರಿಯವರೆಗೆ ನಗದಾಗಿ ಕೈಗೆ ಬರುವುದಿಲ್ಲ. 600 ಪಾಯಿಂಟ್ ಇಳಿದರೆ 65ರ ಲಾಟಿಗೆ 39,000 ರೂಪಾಯಿ ನಗದು ಬೇಕು. ನನ್ನ ಖಾತೆಯಲ್ಲಿ ಅಷ್ಟು ಇರಲಿಲ್ಲ. ದಲ್ಲಾಳಿ ಸಂಸ್ಥೆಯವರು ಫ್ಯೂಚರ್ಸ್ ಒಂದನ್ನೇ ಮಾರಿ ಮುಗಿಸಿದರು. ಉಳಿದದ್ದು ಮಾರಿದ ಕಾಲ್, ಕೊಂಡ ಪುಟ್, ಅಂದರೆ ಪೂರ್ತಿ ಇಳಿಕೆಯ ಕಡೆಗಿನ ಸ್ಥಾನ. ಮರುದಿನ ಮಾರುಕಟ್ಟೆ ಏರಿತು. 9 ಪಾಯಿಂಟಿನ ಲೆಕ್ಕಕ್ಕೆ ಇಳಿದ ನಾನು ಹಲವು ಪಟ್ಟು ಕಳೆದುಕೊಂಡೆ.

ಇನ್ನೊಂದು ಮಾತು. ಮೂರು ಕಾಲುಗಳನ್ನು ಒಂದಾದ ಮೇಲೊಂದು ಹಾಕುವಾಗ ನಮ್ಮ ಕಡೆ ಜುಲೈ ಮಳೆಗೆ ಕರೆಂಟ್ ಹೋಗಿ, ಟವರ್ ಕೂಡ ಕೈಕೊಟ್ಟರೆ, ಎರಡು ಕಾಲಿನ ಮೇಲೆ ನಿಂತುಬಿಡುತ್ತೇವೆ. ಮೂರನ್ನೂ ಒಟ್ಟಿಗೆ ಕಳುಹಿಸುವ ವ್ಯವಸ್ಥೆ ಇಲ್ಲದಿದ್ದರೆ ಕಡಿಮೆ ವಹಿವಾಟಿನ ಕಾಲನ್ನು ಮೊದಲು ಹಾಕಿ, ಫ್ಯೂಚರ್ಸ್ ಅನ್ನು ಕೊನೆಗೆ ಹಾಕುವುದು ಲೇಸು.

ತಂಗಮ್ಮ, ಮಡಿಕೇರಿ

ಲೋಕೇಶ್ ಅವರು ಹೇಳಿದ್ದನ್ನು ಪ್ರಶಾಂತ್ ತಮ್ಮ ಕಾಗದದ ಲೆಕ್ಕದಲ್ಲೇ ಸೇರಿಸಬೇಕು ಎಂದು ಬಯಸುತ್ತೇನೆ. ದಿನದಿನದ ನಗದಿಗಾಗಿ ಬದಿಗಿಟ್ಟ ಹಣಕ್ಕೂ ಬಡ್ಡಿ ಇದೆ. ಬ್ಯಾಂಕಿನಿಂದ ಸಾಲ ತಂದ ಹಣವಾದರೆ ಸೂತ್ರದಲ್ಲಿ ಹಾಕಬೇಕಾದ ದರ ಆ ಸಾಲದ ದರ, 6.5 ಅಲ್ಲ. ಶೇಕಡಾ 11ಕ್ಕೆ ಹಣ ತರುವವನಿಗೂ 7ಕ್ಕೆ ತರುವವನಿಗೂ ಒಂದೇ ಪರದೆಯ ಮೇಲೆ ಬೇರೆ ಬೇರೆ ಅಂತರ ಕಾಣುತ್ತದೆ.

ಪ್ರಶಾಂತ್, ಕುಶಾಲನಗರ

ಕೊನೆಯದಾಗಿ ಒಂದು ಸಂದೇಹ. ಪ್ರತಿ ಮಂಗಳವಾರ ಮುಗಿಯುವ ವಾರದ ಆಪ್ಷನ್‌ಗಳಿಗೆ ಅದೇ ದಿನ ಮುಗಿಯುವ ಫ್ಯೂಚರ್ಸ್ ಇಲ್ಲ. ಅಲ್ಲಿ ಯಾವುದರೊಂದಿಗೆ ತೂಗುವುದು? ಮತ್ತು ಬಡ್ಡಿಯನ್ನು ಊಹಿಸದೆ ಮಾರುಕಟ್ಟೆಯಿಂದಲೇ ಪಡೆಯಲು ಸಾಧ್ಯವೇ?

ಹನೀಫ್, ವಿರಾಜಪೇಟೆ

ಎರಡು ಸ್ಟ್ರೈಕ್‌ಗಳ ಬಾಕ್ಸ್‌ನಿಂದ ಬಡ್ಡಿ ಸಿಗುತ್ತದೆ. ತಂಗಮ್ಮ ಮೇಡಂ ಕೊಟ್ಟ 24,800 ಮತ್ತು 25,200ನ್ನೇ ತೆಗೆದುಕೊಳ್ಳಿ. ಮೊದಲನೆಯದರ ವ್ಯತ್ಯಾಸ 337, ಎರಡನೆಯದರದ್ದು ಋಣ 61. ಇಂದು 398 ಕೊಟ್ಟರೆ 28 ದಿನಕ್ಕೆ ಖಚಿತವಾಗಿ 400 ಬರುತ್ತದೆ. ವರ್ಷಕ್ಕೆ ಸುಮಾರು 6.55. ಫ್ಯೂಚರ್ಸ್ ಬೇಕಾಗಿಯೇ ಇಲ್ಲ.

ತಂಗಮ್ಮ, ಮಡಿಕೇರಿ

ವಿಧಾನ ಸರಿ, ಆದರೆ ಆ 6.55ರ ಮೇಲೆ ಭಾರ ಹಾಕಲಾಗದು. ನಾಲ್ಕು ಆಪ್ಷನ್‌ಗಳ ನಡುಬೆಲೆಗಳಲ್ಲಿ ಒಟ್ಟು ಒಂದೇ ಒಂದು ಪಾಯಿಂಟ್ ಆಚೀಚೆ ಆದರೆ ಉತ್ತರ 3.3 ಶೇಕಡಾವಾರು ಅಂಶದಷ್ಟು ಬದಲಾಗುತ್ತದೆ, ಅಂದರೆ 3ರಿಂದ 10ರವರೆಗೆ ಎಲ್ಲಿ ಬೇಕಾದರೂ ಇರಬಹುದು. 400ರ ಬದಲು 3,000 ಅಗಲದ ಬಾಕ್ಸ್ ತೆಗೆದುಕೊಂಡರೆ ಈ ಅಲುಗಾಟ ತಗ್ಗುತ್ತದೆ, ಆದರೆ ಅಷ್ಟು ದೂರದ ಸ್ಟ್ರೈಕ್‌ಗಳಲ್ಲಿ ಬಿಡ್ ಮತ್ತು ಆಸ್ಕ್ ನಡುವೆ 30 ಪಾಯಿಂಟ್ ಬಿದ್ದಿರುತ್ತದೆ ಎಂಬುದನ್ನು 23,500ರಲ್ಲಿ ಕಂಡೆವು.

ವಾರದ ಆಪ್ಷನ್‌ಗಳಿಗೆ ನಾನು ಫ್ಯೂಚರ್ಸ್ ಹುಡುಕುವುದಿಲ್ಲ. ಸೂಚ್ಯಂಕದ ಹತ್ತಿರದ ಐದಾರು ಸ್ಟ್ರೈಕ್‌ಗಳಿಂದ ಮೇಲಿನ F(K) ತೆಗೆದು, ಅವುಗಳನ್ನು ಒಂದಕ್ಕೊಂದು ತೂಗುತ್ತೇನೆ. ಕೆಲವೇ ದಿನ ಉಳಿದಿರುವುದರಿಂದ ಬಡ್ಡಿ ಒಂದೆರಡು ಶೇಕಡಾ ತಪ್ಪಿದರೂ ಸ್ಟ್ರೈಕ್‌ಗಳ ನಡುವಿನ ಹೋಲಿಕೆ ಕೆಡುವುದಿಲ್ಲ.

ಲೋಕೇಶ್, ಸೋಮವಾರಪೇಟೆ

ಇದನ್ನು ನಾನು ಪೂರ್ತಿ ಒಪ್ಪಲಾರೆ. ಎಲ್ಲ ಸ್ಟ್ರೈಕ್‌ಗಳೂ ಒಟ್ಟಿಗೆ ಒಂದೇ ಕಡೆಗೆ ಜಾರಿದ್ದರೆ ಒಂದಕ್ಕೊಂದು ತೂಗಿದಾಗ ಏನೂ ಕಾಣುವುದಿಲ್ಲ. ತಿಂಗಳ ಫ್ಯೂಚರ್ಸ್‌ನ ಪ್ರೀಮಿಯಂ ಅನ್ನು ಉಳಿದ ದಿನಗಳಿಗೆ ಹಂಚಿ, ವಾರದ ಎಕ್ಸ್‌ಪೈರಿಗೆ ಒಂದು ಬೆಲೆ ತೆಗೆದು ಹೋಲಿಸಬೇಕು ಎಂಬುದು ನನ್ನ ನಿಲುವು.

ತಂಗಮ್ಮ, ಮಡಿಕೇರಿ

ಹಂಚುವಾಗ ನಡುವೆ ಬರುವ ಡಿವಿಡೆಂಡ್ ದಿನಗಳು ಸಮನಾಗಿ ಹಂಚಿಕೊಂಡಿರುವುದಿಲ್ಲ, ಅದೇ ನನ್ನ ತಕರಾರು. ಎರಡೂ ವಿಧಾನಗಳ ಸಂಖ್ಯೆಗಳನ್ನು ಒಂದೇ ಗಳಿಗೆಯ ಬಿಡ್-ಆಸ್ಕ್ ಜೊತೆ ಬರೆದಿಟ್ಟು ಹಾಕಿದರೆ ನೋಡಬಹುದು. ಪ್ರಶಾಂತ್, ಮುಂದಿನ ಶುಕ್ರವಾರ ಮಧ್ಯಾಹ್ನ ಹತ್ತಿರದ ಐದು ಸ್ಟ್ರೈಕ್‌ಗಳನ್ನು ಸಮಯದ ಸಮೇತ ಬರೆದುಕೊಳ್ಳಲು ಸಾಧ್ಯವೇ?

ಪ್ರಶಾಂತ್, ಕುಶಾಲನಗರ

ಬರೆದುಕೊಳ್ಳುತ್ತೇನೆ ಮೇಡಂ. ತಿಂಗಳ ಫ್ಯೂಚರ್ಸ್‌ನ ಬಿಡ್-ಆಸ್ಕ್ ಕೂಡ ಅದೇ ನಿಮಿಷದ್ದು ಹಾಕುತ್ತೇನೆ, ಲೋಕೇಶ್ ಅಣ್ಣನ ಲೆಕ್ಕಕ್ಕೂ ಆಗುತ್ತದೆ.